ದೂರದ ಊರಿನ ಎರಡು ನೆರೆಗಳು: ಹಿಂದೂಪುರ–ಕಲ್ಯಾಣದುರ್ಗ ಸರಕು ಹಂಚಿಕೆಯ ಮಾರ್ಗಕ್ರಮ

ಒಂದೇ ವಾಹನ ಬೆಳಿಗ್ಗೆ ಗೋದಾಮಿನಿಂದ ಹೊರಟು ಹಲವು ಊರುಗಳಲ್ಲಿ ಸರಕು ಇಳಿಸಿ ಸಂಜೆಯೊಳಗೆ ಮರಳಬೇಕಾದಾಗ, ಯಾವ ಊರಿಗೆ ಮೊದಲು, ಯಾವುದಕ್ಕೆ ನಂತರ ಎಂಬುದನ್ನು ಸಾಮಾನ್ಯವಾಗಿ ಒಂದೇ ಸೂತ್ರ ತೀರ್ಮಾನಿಸುತ್ತದೆ: ಇದ್ದಲ್ಲಿಂದ ಹತ್ತಿರದ ಊರು ಮೊದಲು. ಪ್ರತಿ ಹೆಜ್ಜೆಯಲ್ಲೂ ಸರಿಯೆನಿಸುವ ಈ ಸೂತ್ರ ಒಟ್ಟು ಪ್ರಯಾಣದಲ್ಲಿ ಹೇಗೆ ಸೋಲುತ್ತದೆ, ಸೋಲು ಎಲ್ಲಿ ಅಡಗಿರುತ್ತದೆ ಎಂಬುದನ್ನು ಹಿಂದೂಪುರ–ಕಲ್ಯಾಣದುರ್ಗ ಸೀಮೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಇದಕ್ಕೆ ಈ ಸೀಮೆ ತಕ್ಕ ನೆಲ. 2022ರ ಜಿಲ್ಲಾ ವಿಂಗಡಣೆಯ ನಂತರ ಹಿಂದೂಪುರ, ಮಡಕಶಿರಾ, ಪೆನುಕೊಂಡ, ರೊದ್ದಂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದರೆ ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಇವುಗಳ ನಡುವೆ, ಬಹುಪಾಲು ಆಂಧ್ರದಿಂದ ಸುತ್ತುವರಿದ ಕರ್ನಾಟಕದ ಪಾವಗಡ ತಾಲ್ಲೂಕು ಇದೆ. ನಾಲ್ಕು ಊರುಗಳು ಹಿಂದೂಪುರದ ಸುತ್ತ ಗುಂಪಾಗಿವೆ. ಕಲ್ಯಾಣದುರ್ಗ ಮಾತ್ರ ವಾಯವ್ಯಕ್ಕೆ ದೂರದಲ್ಲಿ ಒಂಟಿಯಾಗಿದೆ. ನನ್ನ ವಾದವಿಷ್ಟು: ಇಂಥ ವಿನ್ಯಾಸದಲ್ಲಿ ಮಾರ್ಗದ ಹಣೆಬರಹವನ್ನು ಬರೆಯುವುದು ದೂರದ ಊರು; ಅದರ ಹಿಂದೆ ಯಾವ ಊರು, ಮುಂದೆ ಯಾವ ಊರು ಎಂಬುದನ್ನು ಮೊದಲು ನಿರ್ಧರಿಸಿ ಉಳಿದವನ್ನು ಆಮೇಲೆ ಜೋಡಿಸಬೇಕು.

ಈ ಪ್ರಶ್ನೆಗೆ ಭಾರತದಲ್ಲೇ ಒಂದು ಹಳೆಯ ಬೇರಿದೆ. ಬಂಗಾಳದ ಸೆಣಬು ಬೆಳೆಯ ಮಾದರಿ ಸಮೀಕ್ಷೆಯನ್ನು ಕುರಿತು 1940ರಲ್ಲಿ ಬರೆಯುತ್ತ ಪಿ. ಸಿ. ಮಹಾಲನೋಬಿಸ್ ಅವರು ಸಮೀಕ್ಷಕರು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಹೋಗುವ ಖರ್ಚನ್ನೂ ಲೆಕ್ಕಕ್ಕೆ ತಂದರು. ಬಿಂದುಗಳು ಒಂದು ಪ್ರದೇಶದಲ್ಲಿ ಎಲ್ಲೆಂದರಲ್ಲಿ ಹರಡಿದ್ದರೆ ಅವನ್ನೆಲ್ಲ ಮುಟ್ಟುವ ದಾರಿ ಬಿಂದುಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬ ಅಂದಾಜನ್ನು ಮುಂದಿಟ್ಟರು. 1959ರಲ್ಲಿ ಬಿಯರ್ಡ್‌ವುಡ್, ಹಾಲ್ಟನ್, ಹ್ಯಾಮರ್ಸ್ಲಿ ಅದಕ್ಕೆ ಗಣಿತದ ಸಾಧನೆ ಒದಗಿಸಿದರು. ಆದರೆ ಆ ನಿಯಮ ಹೇಳುವುದು ಬಹುಸಂಖ್ಯೆಯ, ಹರಡಿಕೊಂಡ ಬಿಂದುಗಳ ಮಾತು. ಊರುಗಳು ಕೆಲವೇ ಇದ್ದು ಅವುಗಳಲ್ಲಿ ಒಂದು ಒಂಟಿಯಾಗಿರುವಾಗ ಸರಾಸರಿಯ ನಿಯಮ ನೆರವಿಗೆ ಬರುವುದಿಲ್ಲ. ಊರಿನಿಂದ ಊರಿಗೆ ಹಿಡಿಯುವ ಸಮಯವನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕಾಗುತ್ತದೆ.

ಅಂಥದೊಂದು ಕೋಷ್ಟಕ ಕೆಳಗಿದೆ. ಇದರಲ್ಲಿರುವ ನಿಮಿಷಗಳು ಅಳೆದು ತಂದವಲ್ಲ, ಊರುಗಳ ನೆಲೆಯನ್ನು ಅನುಸರಿಸಿ ವಾದವನ್ನು ತೂಗಿನೋಡಲು ಇಟ್ಟುಕೊಂಡ ಅಂದಾಜುಗಳು. ಕಿಲೋಮೀಟರ್ ಬಿಟ್ಟು ನಿಮಿಷವನ್ನು ಆರಿಸಿದ್ದಕ್ಕೆ ಕಾರಣವಿದೆ: ಹೆದ್ದಾರಿಯ 20 ಕಿ.ಮೀ., ಹಳ್ಳಿಗಳ ನಡುವೆ ಹಾಯುವ ಕಿರಿದಾದ ರಸ್ತೆಯ 20 ಕಿ.ಮೀ. ಒಂದೇ ಹೊತ್ತು ಹಿಡಿಯುವುದಿಲ್ಲ.

| | ಮಡಕಶಿರಾ | ಪೆನುಕೊಂಡ | ರೊದ್ದಂ | ಪಾವಗಡ | ಕಲ್ಯಾಣದುರ್ಗ |
|---|---|---|---|---|---|
| ಹಿಂದೂಪುರ | 55 | 50 | 60 | 80 | 165 |
| ಮಡಕಶಿರಾ | – | 85 | 60 | 45 | 130 |
| ಪೆನುಕೊಂಡ | | – | 40 | 70 | 120 |
| ರೊದ್ದಂ | | | – | 35 | 110 |
| ಪಾವಗಡ | | | | – | 85 |

ಹತ್ತಿರದ್ದು ಮೊದಲು ಎಂಬ ಸೂತ್ರ ಹಿಡಿದರೆ ವಾಹನ ಹಿಂದೂಪುರದಿಂದ ಪೆನುಕೊಂಡ, ರೊದ್ದಂ, ಪಾವಗಡ, ಮಡಕಶಿರಾ ಮುಗಿಸಿ ಕಡೆಗೆ ಕಲ್ಯಾಣದುರ್ಗಕ್ಕೆ ಹೋಗಿ ಹಿಂದೂಪುರಕ್ಕೆ ಮರಳುತ್ತದೆ. ಮೊದಲ ನಾಲ್ಕು ಹಂತಗಳು 50, 40, 35, 45 ನಿಮಿಷ. ಅಲ್ಲಿಯವರೆಗೆ ಎಲ್ಲವೂ ಸಲೀಸು. ಆಮೇಲೆ 130, 165. ಒಟ್ಟು 465 ನಿಮಿಷ. ಇದನ್ನು ತಿದ್ದಲು 1958ರಲ್ಲಿ ಕ್ರೋಸ್ ವಿವರಿಸಿದ ಸರಳ ವಿಧಾನವೇ ಸಾಕು: ಮಾರ್ಗದ ಎರಡು ಹಂತಗಳನ್ನು ಕಳಚಿ, ನಡುವಿನ ತುಂಡನ್ನು ತಿರುಗಿಸಿ ಮತ್ತೆ ಜೋಡಿಸಿ, ಸಮಯ ಇಳಿದರೆ ಉಳಿಸಿಕೊಳ್ಳುವುದು. ಇಲ್ಲಿ ಮಡಕಶಿರಾ–ಕಲ್ಯಾಣದುರ್ಗ ತುಂಡನ್ನು ತಿರುಗಿಸಿದರೆ 45 ಮತ್ತು 165 ಹೋಗಿ 85 ಮತ್ತು 55 ಬರುತ್ತವೆ. ಒಟ್ಟು 395ಕ್ಕೆ ಇಳಿಯುತ್ತದೆ. ಮುಂದೆ ಪಾವಗಡ–ಕಲ್ಯಾಣದುರ್ಗ ತುಂಡನ್ನು ತಿರುಗಿಸಿದರೆ ಹಿಂದೂಪುರ, ಪೆನುಕೊಂಡ, ರೊದ್ದಂ, ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಹಿಂದೂಪುರ ಎಂಬ ಕ್ರಮ ಸಿಗುತ್ತದೆ: 385 ನಿಮಿಷ. ದಿಕ್ಕನ್ನು ಬಿಟ್ಟರೆ ಐದು ಊರುಗಳಿಗೆ ಸಾಧ್ಯವಿರುವುದು 60 ಕ್ರಮಗಳು. ಅವುಗಳಲ್ಲಿ ಇದಕ್ಕಿಂತ ಕಡಿಮೆಯದು ಇಲ್ಲ.

ಹೀಗೆ ಉಳಿತಾಯವಾದ 80 ನಿಮಿಷ ಎಲ್ಲಿಂದ ಬಂತು ಎಂದು ಬಿಡಿಸಿ ನೋಡಿದರೆ ವಾದದ ತಿರುಳು ಕೈಗೆ ಸಿಗುತ್ತದೆ. ಸೂತ್ರದ ಮಾರ್ಗದಲ್ಲಿ ಕಲ್ಯಾಣದುರ್ಗಕ್ಕೆ ಹೋಗಿಬರುವ ಎರಡು ಹಂತಗಳಿಗೆ 295 ನಿಮಿಷ, ಉಳಿದೆಲ್ಲಕ್ಕೂ 170. ಉತ್ತಮ ಮಾರ್ಗದಲ್ಲಿ ಕ್ರಮವಾಗಿ 195 ಮತ್ತು 190. ಅಂದರೆ ಹತ್ತಿರದ ಊರುಗಳ ನಡುವೆ ಸೂತ್ರ ನಿಜವಾಗಿಯೂ 20 ನಿಮಿಷ ಉಳಿಸಿತು. ಆ ಉಳಿತಾಯಕ್ಕಾಗಿ ಕಲ್ಯಾಣದುರ್ಗದ ಒಳ್ಳೆಯ ನೆರೆಗಳಾದ ರೊದ್ದಂ, ಪಾವಗಡಗಳನ್ನು ಮೊದಲೇ ಖರ್ಚು ಮಾಡಿ ಕೊನೆಗೆ 100 ನಿಮಿಷ ದಂಡ ತೆತ್ತಿತು.

ಅನುಭವಿ ಚಾಲಕನಿಗೆ ಇದೆಲ್ಲ ಗೊತ್ತೇ ಇರುತ್ತದೆ, ಕೋಷ್ಟಕ ಏಕೆ ಎಂಬ ಆಕ್ಷೇಪ ಬರಬಹುದು. ಒಂದೊಂದು ರಸ್ತೆಯ ಗುಣ, ರೈಲ್ವೆ ಗೇಟಿನ ಕಾಯುವಿಕೆ, ಸಂತೆಯ ದಿನದ ಗದ್ದಲ ಚಾಲಕನಿಗೆ ಗೊತ್ತಿರುವಷ್ಟು ಯಾವ ನಕ್ಷೆಗೂ ಗೊತ್ತಿಲ್ಲ. ಕೋಷ್ಟಕದ ಪ್ರತಿ ಅಂಕಿಯೂ ಚಾಲಕನಿಂದಲೇ ಬರಬೇಕು. ಆದರೆ ರಸ್ತೆಯನ್ನು ತಿಳಿದಿರುವುದು ಬೇರೆ, ಕ್ರಮಗಳನ್ನು ಹೋಲಿಸುವುದು ಬೇರೆ. ಊರುಗಳು 10 ಆದರೆ ಕ್ರಮಗಳು 18 ಲಕ್ಷ ದಾಟುತ್ತವೆ. 15 ಆದರೆ 65 ಸಾವಿರ ಕೋಟಿ. ಅಷ್ಟನ್ನು ಯಾರೂ ಮನಸ್ಸಿನಲ್ಲಿ ತೂಗಲಾರರು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಅಂಗಡಿ ತೆರೆಯುವ ಹೊತ್ತು, ಸರಕು ಇಳಿಸುವ ಸಮಯ ಲೆಕ್ಕದಲ್ಲಿಲ್ಲ. ಇಳಿಸುವ ಸಮಯ ಯಾವ ಕ್ರಮದಲ್ಲೂ ಅಷ್ಟೇ ಇದ್ದರೆ ಅದು ಒಟ್ಟನ್ನು ಹೆಚ್ಚಿಸುತ್ತದೆಯೇ ಹೊರತು ಕ್ರಮವನ್ನು ಬದಲಿಸುವುದಿಲ್ಲ. ಅಂಗಡಿ ತೆರೆಯುವ ಹೊತ್ತು ಮಾತ್ರ ದಿಕ್ಕನ್ನು ತೀರ್ಮಾನಿಸುತ್ತದೆ. ಊರಿಗೆ 20 ನಿಮಿಷದಂತೆ ಇಳಿಸುತ್ತ 7 ಗಂಟೆಗೆ ಹೊರಟರೆ ಎರಡೂ ದಿಕ್ಕಿನಲ್ಲಿ ಮರಳುವುದು ಮಧ್ಯಾಹ್ನ 3.05ಕ್ಕೆ. ಆದರೆ ಮಡಕಶಿರಾ ಮೊದಲಾದರೆ ಅಲ್ಲಿಗೆ 7.55ಕ್ಕೆ ತಲುಪಿ, ಅಲ್ಲಿನ ಅಂಗಡಿ ಮಾತ್ರ 9ಕ್ಕೆ ತೆರೆಯುವುದಾದರೆ 65 ನಿಮಿಷ ಬಾಗಿಲ ಮುಂದೆ ಕಾಯಬೇಕು. ಪೆನುಕೊಂಡದಿಂದ ಆರಂಭಿಸಿದರೆ ಮಡಕಶಿರಾ ತಲುಪುವುದು 1.50ಕ್ಕೆ. ದಿಕ್ಕು ತಿರುಗಿದರೆ ಸರಕು ತುಂಬುವ ಕ್ರಮವೂ ತಿರುಗಬೇಕು: ಕೊನೆಗೆ ಇಳಿಯುವ ಮಡಕಶಿರಾದ ಪೆಟ್ಟಿಗೆಗಳು ಮೊದಲು ಒಳಗೆ, ಪೆನುಕೊಂಡದವು ಬಾಗಿಲ ಬಳಿ. ಇದನ್ನು ಮರೆತರೆ ಕಾಗದದ ಮೇಲೆ ಉಳಿದ ನಿಮಿಷಗಳು ಪೆಟ್ಟಿಗೆ ಎತ್ತಿಡುವುದರಲ್ಲೇ ಕರಗುತ್ತವೆ.

ಮೂರನೆಯದು ಗಡಿ. ಪಾವಗಡಕ್ಕೆ ಒಯ್ಯುವ ಸರಕು ಅಂತರರಾಜ್ಯ ಸಾಗಣೆ. ಕಂತಿನ ಮೌಲ್ಯ 50,000 ರೂಪಾಯಿ ಮೀರಿದರೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಬಿಲ್ಲು, ಪರ್ಮಿಟ್, ತೆರಿಗೆ ಹೊರಡುವ ಮೊದಲೇ ಸರಿಯಿದ್ದರೆ ಗಡಿ ಕ್ರಮವನ್ನು ಕದಲಿಸುವುದಿಲ್ಲ. ಇಲ್ಲದಿದ್ದರೆ ಪಾವಗಡ ಒಂದೇ ಅಲ್ಲ, ಅದನ್ನು ಹಾಯ್ದುಹೋಗುವ ಹಂತಗಳೂ ಕೋಷ್ಟಕದಿಂದ ಅಳಿಯುತ್ತವೆ. ಆಗ ಹಳೆಯ ಕ್ರಮವನ್ನು ತೇಪೆ ಹಾಕದೆ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಈ ಫಲಿತಾಂಶದ ಮಿತಿಯೂ ಲೆಕ್ಕದೊಳಗೇ ಕಾಣುತ್ತದೆ. ಎರಡನೆಯ ತಿದ್ದುಪಡಿ ಉಳಿಸಿದ್ದು 10 ನಿಮಿಷ ಮಾತ್ರ. ಮಳೆಯಿಂದಲೋ ರಸ್ತೆ ಕಾಮಗಾರಿಯಿಂದಲೋ ರೊದ್ದಂ–ಕಲ್ಯಾಣದುರ್ಗ ಹಂತ 110ರಿಂದ 120ಕ್ಕೆ ಏರಿದರೆ ಆ ಲಾಭ ಪೂರ್ತಿ ಇಲ್ಲವಾಗುತ್ತದೆ. ಆಗ ಪಾವಗಡದ ಮೂಲಕ ಹೋಗಿ ಅದೇ ದಾರಿಯಲ್ಲಿ ಮರಳುವುದೂ ಅಷ್ಟೇ ಒಳ್ಳೆಯದು. ಮೊದಲ ತಿದ್ದುಪಡಿಯ 70 ನಿಮಿಷ ಹಾಗಲ್ಲ. ಅಂಥ ಸಣ್ಣ ಏರುಪೇರಿಗೆ ಅದು ಅಳುಕುವುದಿಲ್ಲ. ಹಾಗಾಗಿ ಕ್ರಮವನ್ನು ಬರೆದಿಡುವಾಗ ಯಾವ ಹಂತ ಎಷ್ಟು ನಿಮಿಷ ಏರಿದರೆ ಕ್ರಮ ಬದಲಾಗುತ್ತದೆ ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು. ಕಲ್ಯಾಣದುರ್ಗವನ್ನು ಕೊನೆಗೆ ಬಿಡುವುದನ್ನು ನಿಲ್ಲಿಸಿ ಅದಕ್ಕೆ ತಕ್ಕ ಎರಡು ನೆರೆಗಳನ್ನು ಕೊಟ್ಟಾಗಲೇ ಲಾಭದ ಬಹುಪಾಲು ಕೈಸೇರಿರುತ್ತದೆ. ಉಳಿದ ನಿಮಿಷಗಳಿಗಾಗಿ ಪಡುವ ಶ್ರಮ ಅಂಕಿಗಳು ಎಷ್ಟು ನಂಬಿಗಸ್ತವೋ ಅಷ್ಟಕ್ಕೆ ಮಾತ್ರ ಸಾರ್ಥಕ.