ಚಾಟ್‌ಬಾಟ್ ಕೊಟ್ಟ ಕೋಡು, ಕಲಿಯುವವರ ತಿಳಿವು

ಹೊಸಬರಿಗೆ ಪ್ರೋಗ್ರಾಮ್ ಬರೆಯುವುದು ಕಷ್ಟ ಎಂಬುದು ಹಳೆಯ ಮಾತು. ಎಷ್ಟು ಕಷ್ಟ ಎಂಬುದನ್ನು 2001ರಲ್ಲಿ ಮೆಕ್‌ಕ್ರ್ಯಾಕೆನ್ ನೇತೃತ್ವದ ತಂಡವೊಂದು ಅಳೆದು ನೋಡಿತು. ಹಲವು ದೇಶಗಳಲ್ಲಿ ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಮುಗಿಸಿದ ವಿದ್ಯಾರ್ಥಿಗಳಿಗೆ ಕೋಡ್ ಬರೆಯುವ ಪರೀಕ್ಷೆ ಕೊಟ್ಟಾಗ 110ಕ್ಕೆ ಬಂದ ಸರಾಸರಿ ಅಂಕ 23ರ ಆಸುಪಾಸು. ಸಮಸ್ಯೆಯನ್ನು ಬಿಡಿಸುವ ಜಾಣ್ಮೆಯೇ ಇವರಲ್ಲಿ ಕಡಿಮೆಯೇ, ಅಥವಾ ಅದಕ್ಕೂ ಹಿಂದಿನದೇನಾದರೂ ತಪ್ಪಿದೆಯೇ? ಈ ಪ್ರಶ್ನೆ ಹಿಡಿದು 2004ರಲ್ಲಿ ರೇಮಂಡ್ ಲಿಸ್ಟರ್ ಮತ್ತು ಸಂಗಡಿಗರು ಏಳು ದೇಶಗಳ ವಿದ್ಯಾರ್ಥಿಗಳಿಗೆ ಬರೆಯುವ ಕೆಲಸ ಕೊಡದೆ, ಚಿಕ್ಕ ಕೋಡ್ ತೋರಿಸಿ ‘ಇದು ಓಡಿದ ಮೇಲೆ ಈ ವೇರಿಯಬಲ್‌ನಲ್ಲಿ ಏನಿರುತ್ತದೆ?’ ಎಂಬಂಥ 12 ಬಹುಆಯ್ಕೆ ಪ್ರಶ್ನೆಗಳನ್ನು ಕೇಳಿದರು. ಅನೇಕರು ಅಲ್ಲಿಯೇ ಎಡವಿದರು. ನಮ್ಮ ಕಾಲೇಜುಗಳ ಲ್ಯಾಬಿನಲ್ಲಿ ‘ಡ್ರೈ ರನ್’ ಎಂದು ಕರೆಯುವ ಕೆಲಸ, ಅಂದರೆ ಕಾಗದದ ಮೇಲೆ ಕೋಡನ್ನು ಒಂದೊಂದೇ ಸಾಲಾಗಿ ನಡೆಸಿ ನೋಡುವುದು, ಅವರಿಗೆ ಬರುತ್ತಿರಲಿಲ್ಲ. ಡ್ರೈ ರನ್ ಮಾಡುವ, ಕೋಡ್ ಏನು ಮಾಡುತ್ತದೆಂದು ಮಾತಿನಲ್ಲಿ ಹೇಳುವ ಮತ್ತು ಕೋಡ್ ಬರೆಯುವ ಶಕ್ತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ ಎಂಬುದನ್ನು ಮುಂದಿನ ಅಧ್ಯಯನಗಳು ತೋರಿಸಿದವು.

ತಿಳಿಯದ ಕೋಡನ್ನು ನಕಲು ಮಾಡುವ ಚಾಳಿಯೂ ಚಾಟ್‌ಬಾಟ್‌ನಿಂದ ಹುಟ್ಟಿದ್ದಲ್ಲ. 2008ರಲ್ಲಿ ಸ್ಟ್ಯಾಕ್ ಓವರ್‌ಫ್ಲೋ ಶುರುವಾದ ಮೇಲೆ ಉತ್ತರ ಹುಡುಕಿ ಅಂಟಿಸುವುದು ಸುಲಭವಾಯಿತು. ಆದರೆ ಅಲ್ಲಿ ಸಿಗುತ್ತಿದ್ದುದು ಇನ್ನೊಬ್ಬರ ಸಮಸ್ಯೆಗೆ ಬರೆದ ಉತ್ತರ. ತನ್ನ ಲೆಕ್ಕಕ್ಕೆ ಅದನ್ನು ಒಗ್ಗಿಸಿಕೊಳ್ಳಲು ಕಲಿಯುವವರು ಒಂದಿಷ್ಟಾದರೂ ಓದಲೇಬೇಕಿತ್ತು. 2021ರಲ್ಲಿ ಬಂದ ಕೋಡೆಕ್ಸ್ ಮತ್ತು ಗಿಟ್‌ಹಬ್ ಕೋಪೈಲಟ್ ಆ ಅಗತ್ಯವನ್ನೂ ತೆಗೆದುಹಾಕಿದವು. ನ್ಯೂಜಿಲೆಂಡಿನ ಸಂಶೋಧಕರು ಮೊದಲ ಕೋರ್ಸಿನ ಪರೀಕ್ಷೆಯ ಪ್ರಶ್ನೆಗಳನ್ನೇ ಕೋಡೆಕ್ಸ್‌ಗೆ ಕೊಟ್ಟಾಗ ಅದರ ಅಂಕಗಳು ತರಗತಿಯ ಮೇಲಿನ ಕಾಲುಭಾಗದಲ್ಲಿ ನಿಂತವು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಇದೇ ಸಾಮರ್ಥ್ಯ ಮಾತುಕತೆಯ ರೂಪದಲ್ಲಿ ಎಲ್ಲರ ಕೈಗೆ ಸಿಕ್ಕಿತು.

ಮೊದಮೊದಲ ಚರ್ಚೆಯೆಲ್ಲ ನಿಷೇಧದ ಸುತ್ತ ನಡೆಯಿತು. ಕಲಿಕೆಯ ಮೇಲೆ ಇದರ ಪರಿಣಾಮವನ್ನು ಅಳೆದ ಅಧ್ಯಯನಗಳು 2023ರಲ್ಲಿ ಬಂದವು. ಟೊರಾಂಟೊ ವಿಶ್ವವಿದ್ಯಾಲಯದ ಮಜೀದ್ ಕಜೆಮಿತಬಾರ್ ಮತ್ತು ಸಂಗಡಿಗರು 10ರಿಂದ 17 ವರ್ಷದ 69 ಮಂದಿಗೆ ಪೈಥಾನ್ ಕಲಿಸಿದರು. ಅರ್ಧದಷ್ಟು ಮಂದಿಗೆ ಮಾತ್ರ ಕೋಡೆಕ್ಸ್ ನೆರವಿತ್ತು. ನೆರವು ಪಡೆದವರು ಹೆಚ್ಚು ಲೆಕ್ಕ ಮುಗಿಸಿದರು. ಆಮೇಲೆ ನೆರವಿಲ್ಲದೆ ಕೋಡ್ ತಿದ್ದಲು ಕೊಟ್ಟಾಗಲೂ ಅವರು ಹಿಂದೆ ಬೀಳಲಿಲ್ಲ. ಆದರೆ ನೆರವು ಪಡೆದವರನ್ನಷ್ಟೇ ಬಿಡಿಸಿ ನೋಡಿದಾಗ ಬೇರೊಂದು ಚಿತ್ರ ಕಂಡಿತು. ಇಡೀ ಪ್ರಶ್ನೆಯನ್ನು ಒಮ್ಮೆಲೇ ಕೊಟ್ಟು ಇಡೀ ಉತ್ತರ ಪಡೆದವರು ಆ ಹೊತ್ತಿಗೆ ಮುಂದಿದ್ದರೂ ಅದೇ ಕೋಡನ್ನು ತಾವೇ ತಿದ್ದಬೇಕಾದಾಗ ಮತ್ತು ಕೊನೆಯ ಪರೀಕ್ಷೆಯಲ್ಲಿ ಹಿಂದುಳಿದರು. ಒಂದಿಷ್ಟು ತಾವು ಬರೆದು, ಸಿಕ್ಕಿಕೊಂಡ ಕಡೆ ಮಾತ್ರ ನೆರವು ಕೇಳಿದವರ ಸ್ಥಿತಿ ಉತ್ತಮವಾಗಿತ್ತು.

2024ರಲ್ಲಿ ಜೇಮ್ಸ್ ಪ್ರೇದರ್ ಮತ್ತು ಸಂಗಡಿಗರು 21 ವಿದ್ಯಾರ್ಥಿಗಳು ಎಐ ನೆರವಿನೊಂದಿಗೆ ಒಂದು ಸಮಸ್ಯೆ ಬಿಡಿಸುವುದನ್ನು, ಅವರ ಕಣ್ಣು ಪರದೆಯ ಮೇಲೆ ಎಲ್ಲಿ ನಿಲ್ಲುತ್ತದೆ ಎಂಬುದರ ಸಮೇತ ಗಮನಿಸಿದರು. 20 ಮಂದಿ ಉತ್ತರ ತಲುಪಿದರು. ಗಟ್ಟಿಗರು ಬೇಡದ ಸಲಹೆಯನ್ನು ಬದಿಗಿಟ್ಟು ಬೇಗ ಮುಗಿಸಿದರು. ತಡವರಿಸುತ್ತಿದ್ದವರು ತಡವರಿಸುತ್ತಲೇ ಮುಗಿಸಿದರು, ಆದರೆ ‘ನನಗೆ ಬಂತು’ ಎಂದುಕೊಂಡು ಎದ್ದರು. ಅಂಟಿಸಿದ ಕೋಡಿನ ನಿಜವಾದ ಅಪಾಯ ಇದೇ: ಪ್ರೋಗ್ರಾಮ್ ಓಡುತ್ತದೆ, ಕಲಿತಿಲ್ಲ ಎಂಬುದು ಮಾತ್ರ ಗೊತ್ತಾಗುವುದಿಲ್ಲ.

ಇದೇ ಹೊತ್ತಿಗೆ ಉತ್ತರವನ್ನು ತಡೆಹಿಡಿಯುವ ಚಾಟ್‌ಬಾಟ್‌ಗಳೂ ಬಂದವು. ಬಗ್ ಹಿಡಿಯಲು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟು ಅದಕ್ಕೆ ಕೋಡನ್ನು ವಿವರಿಸುವುದು ಪ್ರೋಗ್ರಾಮರುಗಳ ಹಳೆಯ ರೂಢಿ. ಅದನ್ನೇ ನೆನಪಿಸುವಂತೆ ಹಾರ್ವರ್ಡ್‌ನ ಸಿಎಸ್50 ಕೋರ್ಸ್ 2023ರಲ್ಲಿ ‘ಬಾತುಕೋಳಿ’ ಚಾಟ್‌ಬಾಟ್ ತಂದಿತು. ಅದು ಉತ್ತರ ಕೊಡುವ ಬದಲು ದಾರಿ ತೋರಿಸುತ್ತದೆ. ಕೋಡ್‌ಹೆಲ್ಪ್, ಕೋಡ್‌ಏಡ್ ಎಂಬ ಸಾಧನಗಳೂ ಇದೇ ಜಾಡಿನವು. ಸಾಮಾನ್ಯ ಚಾಟ್‌ಬಾಟ್‌ನಲ್ಲಿ ಮಾತ್ರ ಈ ತಡೆಯನ್ನು ಕಲಿಯುವವರೇ ಹಾಕಿಕೊಳ್ಳಬೇಕು. ಅದು ಹೇಗೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಸಾಕು.

ಅಂಕಪಟ್ಟಿಯಿಂದ 35ಕ್ಕಿಂತ ಕಡಿಮೆ ಇರುವ ಅಂಕಗಳನ್ನು ತೆಗೆಯಬೇಕು. ಹೊಸಬರು ಸಾಮಾನ್ಯವಾಗಿ ಬರೆಯುವುದು ಹೀಗೆ:

```python
marks = [20, 34, 30, 67, 18]
for m in marks:
    if m < 35:
        marks.remove(m)
print(marks)
```

ಉಳಿಯಬೇಕಾದದ್ದು 67 ಒಂದೇ. ಪರದೆಯ ಮೇಲೆ ಬರುವುದು `[34, 67]`. ಎರರ್ ಏನೂ ಇಲ್ಲ, ಉತ್ತರ ಮಾತ್ರ ತಪ್ಪು. ಇದನ್ನು ಚಾಟ್‌ಬಾಟ್‌ಗೆ ಹಾಕಿ ‘ಸರಿಮಾಡಿ ಕೊಡು’ ಎಂದರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ ಸಾಲು:

```python
marks = [m for m in marks if m >= 35]
```

ಉತ್ತರ ಸರಿಯಾಗಿದೆ, ಅಚ್ಚುಕಟ್ಟಾಗಿಯೂ ಇದೆ. ಆದರೆ 34 ಏಕೆ ಉಳಿಯಿತು ಎಂಬುದನ್ನು ಅದು ಹೇಳುವುದಿಲ್ಲ. ಸಾಲದ್ದಕ್ಕೆ, ಕಲಿಯುವವರು ಇನ್ನೂ ಕಾಣದ ಬರವಣಿಗೆಯೊಂದನ್ನು ತಂದು ಕೂರಿಸುತ್ತದೆ. ನಾಳೆ ಇಂಥದೇ ತಪ್ಪು ಬೇರೆ ವೇಷದಲ್ಲಿ ಬಂದರೆ ಮತ್ತೆ ಕೇಳಬೇಕಾಗುತ್ತದೆ.

ಬೇರೆ ದಾರಿಯಲ್ಲಿ ಮೊದಲ ಕೆಲಸ ಕಾಗದದ ಮೇಲಿನದು: ಲೂಪಿನ ಪ್ರತಿ ಸುತ್ತಿನಲ್ಲಿ `m` ಎಷ್ಟು, ಪಟ್ಟಿ ಏನು ಎಂದು ಊಹಿಸಿ ಬರೆಯುವುದು. ಆಮೇಲೆ ಲೂಪಿನ ಒಳಗೆ ಮೊದಲ ಸಾಲಾಗಿ `print(m, marks)` ಸೇರಿಸಿ ಓಡಿಸಿದರೆ ಹೀಗೆ ಕಾಣುತ್ತದೆ (ಕೊನೆಯ ಸಾಲು ಅಂತಿಮ ಪಟ್ಟಿ):

```
20 [20, 34, 30, 67, 18]
30 [34, 30, 67, 18]
18 [34, 67, 18]
[34, 67]
```

ಊಹೆಗೂ ಇದಕ್ಕೂ ತಾಳೆಯಾಗದ ಜಾಗವೇ ಕೇಳಬೇಕಾದ ಪ್ರಶ್ನೆ. ಚಾಟ್‌ಬಾಟ್‌ಗೆ ಈಗ ‘ಕೋಡ್ ಬರೆಯಬೇಡ; ಎರಡನೆಯ ಸುತ್ತಿನಲ್ಲಿ `m` 34 ಆಗದೆ 30 ಆದದ್ದೇಕೆ, ಅಷ್ಟನ್ನೇ ಹೇಳು’ ಎಂದು ಕೇಳಬಹುದು. ಕಾರಣ ಸರಳ. ಲೂಪು ಸ್ಥಾನ ಎಣಿಸುತ್ತ ಹೋಗುತ್ತದೆ. ಮೊದಲ ಸ್ಥಾನದ 20 ಹೋದೊಡನೆ 34 ಮುಂದೆ ಸರಿದು ಆ ಸ್ಥಾನಕ್ಕೆ ಬರುತ್ತದೆ, ಲೂಪು ಎರಡನೆಯ ಸ್ಥಾನಕ್ಕೆ ದಾಟಿರುತ್ತದೆ. ಸಾಲಿನಲ್ಲಿ ಮುಂದಿನವರು ಎದ್ದುಹೋಗಿ ಎಲ್ಲರೂ ಒಂದೊಂದು ಹೆಜ್ಜೆ ಸರಿದಾಗ ಎಣಿಸುವವರು ಒಬ್ಬರನ್ನು ಬಿಟ್ಟಂತೆ. 67 ಕೂಡ ಹೀಗೆಯೇ ತಪ್ಪಿಸಿಕೊಂಡಿದೆ. ಅದು ಉಳಿಯಬೇಕಾದದ್ದೇ ಆದ್ದರಿಂದ ಕಣ್ಣಿಗೆ ಬೀಳಲಿಲ್ಲ. ಇಷ್ಟು ತಿಳಿದರೆ ಪರಿಹಾರ ತಾನಾಗಿ ಹೊಳೆಯುತ್ತದೆ: ಸುತ್ತುತ್ತಿರುವ ಪಟ್ಟಿಯಿಂದ ಏನನ್ನೂ ತೆಗೆಯದೆ, ಬೇಕಾದ ಅಂಕಗಳನ್ನು ಬೇರೆ ಖಾಲಿ ಪಟ್ಟಿಗೆ `append` ಮಾಡುವುದು. ಒಂದೇ ಸಾಲಿನ ಆ ಉತ್ತರ ಮಾಡುವುದೂ ಇದನ್ನೇ ಎಂಬುದು ಆಗ ಗೊತ್ತಾಗುತ್ತದೆ.

ಈ ಕ್ರಮಕ್ಕೂ ಮಿತಿಗಳಿವೆ. ಚಾಟ್‌ಬಾಟ್ ಕೋಡ್ ಓಡಿಸದೆಯೇ ‘ಇಂಥ ಸುತ್ತಿನಲ್ಲಿ ಇಷ್ಟು ಬರುತ್ತದೆ’ ಎಂದು ಹೇಳಿ ತಪ್ಪಬಹುದು, ತಪ್ಪಿದಾಗಲೂ ಧಾಟಿ ಅದೇ ದೃಢತೆಯದು. ಆದ್ದರಿಂದ ಬೆಲೆಗಳನ್ನು ಕೇಳುವುದಕ್ಕಿಂತ ಓಡಿಸಿ ನೋಡುವುದೇ ಸರಿ. ಒಂದೊಂದೇ ಸಾಲು ನಡೆಸಿ ತೋರಿಸುವ ಪೈಥಾನ್ ಟ್ಯೂಟರ್‌ನಂಥ ಸಾಧನ ಇದಕ್ಕೆ ನೆರವಾಗುತ್ತದೆ. ಇನ್ನೊಂದು, ಏನು ಕೇಳಬೇಕೆಂಬುದೇ ತಿಳಿಯದ ಮೊದಲ ವಾರಗಳಲ್ಲಿ ಈ ಪದ್ಧತಿ ನಡೆಯದು. ಲೂಪು, ಪಟ್ಟಿ, ಷರತ್ತು ಎಂಬ ಮೂರು ವಿಷಯಗಳನ್ನು ಪುಸ್ತಕದಿಂದಲೋ ಮೇಷ್ಟರಿಂದಲೋ ಕಲಿತ ಮೇಲಷ್ಟೇ ಪ್ರಶ್ನೆಗೆ ಮೊನೆ ಬರುತ್ತದೆ.

ಕಲಿತದ್ದು ಉಳಿಯಿತೇ ಎಂದು ತಿಳಿಯಲು ಪರೀಕ್ಷೆಯೊಂದಿದೆ. ಚಾಟ್ ಮುಚ್ಚಿ, ಮರುದಿನ ಅದೇ ಪ್ರೋಗ್ರಾಮನ್ನು ಖಾಲಿ ಫೈಲಿನಲ್ಲಿ ಬರೆದು, 35ಕ್ಕಿಂತ ಕಡಿಮೆಯ ಅಂಕಗಳು ಬೇರೆ ಪಟ್ಟಿಗೆ ಹೋಗುವಂತೆ ಬದಲಿಸುವುದು. ಅದು ಬಂದರೆ ಕೋಡು ಕಲಿತವರದು. ಬಾರದಿದ್ದರೆ ಇನ್ನೂ ಚಾಟ್‌ಬಾಟ್‌ನದು.