ಹಿಂಪಡೆವ ಕೋರಿಕೆ (ಇಮೇಲ್)

ತಪ್ಪು ವಿಳಾಸಕ್ಕೆ ಹೋದ ಗೋಪ್ಯ ಲಗತ್ತನ್ನು ಅಳಿಸುವಂತೆ ಸ್ವೀಕರಿಸಿದವರನ್ನು ಕೇಳಿಕೊಳ್ಳುವ ಕಿರು ಪತ್ರ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ರದ್ದುಮಾಡಲು ಹೆಚ್ಚೆಂದರೆ 30 ಸೆಕೆಂಡು ಸಿಗುತ್ತದೆ. ಔಟ್‌ಲುಕ್‌ನ ಹಿಂಪಡೆವ ಸೌಲಭ್ಯ ಒಂದೇ ಸಂಸ್ಥೆಯೊಳಗಿನ ಖಾತೆಗಳಿಗೆ ಸೀಮಿತ. ಅದರಾಚೆ ಉಳಿಯುವುದು ಕೋರಿಕೆಯೊಂದೇ.

ಲೆಕ್ಕಪತ್ರ ವಿಭಾಗದ ಸಹೋದ್ಯೋಗಿಗೆ ಹೋಗಬೇಕಿದ್ದ ಸಂಬಳದ ಪಟ್ಟಿ, ತಾನಾಗಿ ಮೂಡಿದ ವಿಳಾಸದಿಂದಾಗಿ ಅದೇ ಹೆಸರಿನ ಸರಬರಾಜುದಾರರಿಗೆ ಹೋಯಿತು ಎನ್ನೋಣ. ಪತ್ರ ಹೀಗಿದ್ದರೆ ಸಾಕು:

“ನಮಸ್ಕಾರ. ಇಂದು ಬೆಳಿಗ್ಗೆ 10.42ಕ್ಕೆ ‘ಜೂನ್ ವಿವರ’ ಎಂಬ ವಿಷಯದಡಿ ನಿಮಗೆ ಬಂದ ಇಮೇಲ್ ಬೇರೊಬ್ಬರಿಗೆ ಹೋಗಬೇಕಿತ್ತು. ಅದರ ಲಗತ್ತು ಗೋಪ್ಯವಾದದ್ದು. ದಯವಿಟ್ಟು ಅದನ್ನು ತೆರೆಯದೆ, ಯಾರಿಗೂ ಕಳಿಸದೆ, ಇನ್‌ಬಾಕ್ಸ್, ಟ್ರ್ಯಾಶ್, ಡೌನ್‌ಲೋಡ್ಸ್ ಮೂರೂ ಕಡೆಯಿಂದ ಅಳಿಸಿ, ಒಂದು ಸಾಲು ಉತ್ತರ ಬರೆಯಿರಿ. ತೊಂದರೆಗೆ ಕ್ಷಮೆಯಿರಲಿ.”

ಸಮಯ ಮತ್ತು ವಿಷಯದ ಸಾಲು ಕೊಟ್ಟರೆ ಓದುವವರು ಹುಡುಕಾಡಬೇಕಿಲ್ಲ. ಟ್ರ್ಯಾಶ್ ಅನ್ನು ಹೆಸರಿಸಲೇಬೇಕು, ಏಕೆಂದರೆ ಅಳಿಸಿದ ಇಮೇಲ್ ಜಿಮೇಲ್‌ನಲ್ಲಿ 30 ದಿನ ಅಲ್ಲೇ ಇರುತ್ತದೆ. ಲಗತ್ತಿನಲ್ಲಿ ಏನಿದೆ ಎಂದು ಮಾತ್ರ ಬರೆಯಬಾರದು. ‘ಸಂಬಳ’ ಎಂಬ ಒಂದು ಪದವೇ ಅದನ್ನು ತೆರೆಯುವಂತೆ ಮಾಡೀತು. ಕಾನೂನಿನ ಬೆದರಿಕೆಯೂ ‘ತುರ್ತು’ ಎಂಬ ಕೂಗೂ ಅದನ್ನೇ ಮಾಡುತ್ತವೆ. ಮೂಲ ಇಮೇಲನ್ನು ಫಾರ್ವರ್ಡ್ ಮಾಡಿ ಅದರ ಮೇಲೆ ಕೋರಿಕೆ ಬರೆಯುವುದು ದೊಡ್ಡ ಪ್ರಮಾದ: ಲಗತ್ತು ಮತ್ತೊಮ್ಮೆ ಹೋಗುತ್ತದೆ.

‘ಅಳಿಸಿದ್ದೇನೆ’ ಎಂಬ ಉತ್ತರ ಭರವಸೆಯೇ ಹೊರತು ಪುರಾವೆಯಲ್ಲ. ಆದ್ದರಿಂದ ಇತರರ ವೈಯಕ್ತಿಕ ವಿವರ ಹೊರಹೋಗಿದ್ದರೆ, ಉತ್ತರಕ್ಕೆ ಕಾಯದೆ ಕಚೇರಿಯ ಮಾಹಿತಿ ಸುರಕ್ಷತಾ ವಿಭಾಗಕ್ಕೂ ಅಂದೇ ತಿಳಿಸಬೇಕು.