ಯೋಜನಾ ವರದಿಯಲ್ಲಿ ಆದಾಯದ ಅಂದಾಜು: ಒಂದೇ ಮೊತ್ತದ ಬದಲು ವ್ಯಾಪ್ತಿಯನ್ನು ತೋರಿಸುವ ವಿಧಾನ

1. ಪೀಠಿಕೆ

ರೇಷ್ಮೆ ಹುಳು ಸಾಕಾಣಿಕೆ ಮನೆಯ ನಿರ್ಮಾಣಕ್ಕಾಗಿ ಬ್ಯಾಂಕ್ ಸಾಲ ಕೋರುವ ಅರ್ಜಿದಾರರ ಯೋಜನಾ ವರದಿಗಳಲ್ಲಿ ವಾರ್ಷಿಕ ನಿವ್ವಳ ಆದಾಯವನ್ನು ಸಾಮಾನ್ಯವಾಗಿ ಒಂದೇ ಮೊತ್ತವಾಗಿ ನಮೂದಿಸಲಾಗುತ್ತದೆ. ಆದರೆ ಗೂಡಿನ ಧಾರಣೆಯಾಗಲಿ ಇಳುವರಿಯಾಗಲಿ ಎಲ್ಲ ಬೆಳೆಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಈ ಏರಿಳಿತವನ್ನು ಲೆಕ್ಕಕ್ಕೆ ತರುವ ವಿಧಾನಕ್ಕೆ ಮಾಂಟೆ ಕಾರ್ಲೊ ವಿಧಾನವೆಂದು ಹೆಸರು. ಬಂಡವಾಳ ಹೂಡಿಕೆಯ ಲೆಕ್ಕಾಚಾರಕ್ಕೆ ಇದನ್ನು ಅನ್ವಯಿಸುವ ಕ್ರಮವನ್ನು ಡೇವಿಡ್ ಹರ್ಟ್ಜ್ ಅವರು 1964ರಲ್ಲಿ ವಿವರಿಸಿದರು.

2. ಉದಾಹರಣೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಮಾರುಕಟ್ಟೆಗೆ ಗೂಡು ಒಯ್ಯುವ ಒಬ್ಬ ಬೆಳೆಗಾರರನ್ನು ಊಹಿಸಿಕೊಳ್ಳಬಹುದು. ಇಲ್ಲಿನ ಅಂಕಿಗಳು ವಿವರಣೆಗಾಗಿ ಮಾತ್ರ. ವರ್ಷಕ್ಕೆ 8 ಬೆಳೆ, ಪ್ರತಿ ಬೆಳೆಗೆ 200 ಮೊಟ್ಟೆ, 140 ಕೆ.ಜಿ. ಗೂಡು, ಕೆ.ಜಿ.ಗೆ ರೂ. 450 ಧಾರಣೆ ಮತ್ತು ಬೆಳೆಯೊಂದಕ್ಕೆ ರೂ. 33,000 ಖರ್ಚು ಎಂದಿಟ್ಟುಕೊಂಡರೆ ನಿವ್ವಳ ಆದಾಯ ರೂ. 2,40,000 ಆಗುತ್ತದೆ. ಸಾಲದ ವಾರ್ಷಿಕ ಕಂತು ರೂ. 1,80,000 ಇದ್ದಲ್ಲಿ ರೂ. 60,000 ಉಳಿಯುವಂತೆ ಕಾಣುತ್ತದೆ.

ಈಗ ಧಾರಣೆಯು ರೂ. 300ರಿಂದ ರೂ. 600ರವರೆಗೆ ಬದಲಾಗಬಹುದೆಂದೂ, ಇಳುವರಿಯು 120ರಿಂದ 160 ಕೆ.ಜಿ. ಇರಬಹುದೆಂದೂ, ಹತ್ತು ಬೆಳೆಗೆ ಒಂದು ರೋಗದಿಂದ ಹಾಳಾಗಿ 40 ಕೆ.ಜಿ. ಮಾತ್ರ ದೊರೆಯುವುದೆಂದೂ ಭಾವಿಸಲಾಗಿದೆ. ಬೆಳೆ ಕೆಟ್ಟರೂ ಖರ್ಚು ತಪ್ಪುವುದಿಲ್ಲ. ಆದ್ದರಿಂದ ಸರಾಸರಿ ಆದಾಯವೇ ರೂ. 2,04,000ಕ್ಕೆ ಇಳಿಯುತ್ತದೆ. ಮೊದಲಿನ ಮೊತ್ತವು ಎಲ್ಲ ಬೆಳೆಗಳೂ ಕೈಗೆ ಬಂದ ವರ್ಷದ ಲೆಕ್ಕವೇ ಹೊರತು ಸರಾಸರಿಯಲ್ಲ.

3. ಲೆಕ್ಕ ಮಾಡುವ ಕ್ರಮ

ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲನ್ನು ಒಂದು ವರ್ಷವೆಂದು ಪರಿಗಣಿಸತಕ್ಕದ್ದು. A1ರಲ್ಲಿ ಧಾರಣೆ, B1ರಿಂದ I1ರವರೆಗೆ ಎಂಟು ಬೆಳೆಗಳ ಇಳುವರಿ (ಪ್ರತಿ ಕೋಶದಲ್ಲಿಯೂ ಎರಡನೆಯ ಸೂತ್ರ), J1ರಲ್ಲಿ ನಿವ್ವಳ ಆದಾಯವನ್ನು ಕೆಳಕಂಡ ಸೂತ್ರಗಳಿಂದ ಪಡೆಯಬಹುದು.

```
A1: =300+150*(RAND()+RAND())
B1: =IF(RAND()<0.1,40,120+20*(RAND()+RAND()))
J1: =A1*SUM(B1:I1)-264000
```

ಈ ಸಾಲನ್ನು 1,000 ಸಾಲುಗಳಿಗೆ ನಕಲು ಮಾಡಿದಾಗ 1,000 ಸಂಭಾವ್ಯ ವರ್ಷಗಳು ದೊರೆಯುತ್ತವೆ. ಕಂತಿಗೆ ಸಾಲದ ವರ್ಷಗಳ ಪಾಲನ್ನು ಹೀಗೆ ಎಣಿಸಬಹುದು.

```
=COUNTIF(J1:J1000,"<180000")/1000
```

ಫಲಿತಾಂಶವು ಸುಮಾರು 0.38 ಬರುತ್ತದೆ. ಅಂದರೆ ನೂರು ವರ್ಷಗಳಲ್ಲಿ 38ರಲ್ಲಿ ಆದಾಯವು ಕಂತಿಗೆ ಸಾಲದು. ಅತಿ ಕೆಟ್ಟ ಹತ್ತು ಮತ್ತು ಅತಿ ಒಳ್ಳೆಯ ಹತ್ತು ವರ್ಷಗಳನ್ನು ಬಿಟ್ಟರೆ ಆದಾಯವು ಸುಮಾರು ರೂ. 1.1 ಲಕ್ಷದಿಂದ ರೂ. 3 ಲಕ್ಷದವರೆಗೆ ಇರುತ್ತದೆ. ಪ್ರತಿ ಬಾರಿ ಲೆಕ್ಕ ಮಾಡಿದಾಗಲೂ ಉತ್ತರವು ಸ್ವಲ್ಪ ಬದಲಾಗುವುದು ಸಹಜ.

4. ಸಾಮಾನ್ಯವಾಗಿ ಆಗುವ ತಪ್ಪು

ಪ್ರತಿ ಬೆಳೆಗೂ ಬೇರೆ ಬೇರೆ ಧಾರಣೆಯನ್ನು ಯಾದೃಚ್ಛಿಕವಾಗಿ ಆರಿಸಿದರೆ ಒಂದು ಬೆಳೆಯ ಕಡಿಮೆ ಧಾರಣೆಯನ್ನು ಇನ್ನೊಂದರ ಹೆಚ್ಚಿನ ಧಾರಣೆ ಸರಿದೂಗಿಸುತ್ತದೆ. ಆಗ ವ್ಯಾಪ್ತಿಯು ರೂ. 1.4ರಿಂದ 2.6 ಲಕ್ಷಕ್ಕೆ ಕುಗ್ಗಿ, ಕಂತು ತಪ್ಪುವ ಸಂಭವವು ನೂರಕ್ಕೆ 28 ಎಂದು ತೋರುತ್ತದೆ. ವಾಸ್ತವದಲ್ಲಿ ಗೂಡಿನ ಧಾರಣೆಯು ಕಚ್ಚಾ ರೇಷ್ಮೆಯ ಬೆಲೆಯನ್ನು ಅನುಸರಿಸುವುದರಿಂದ, ಒಮ್ಮೆ ಕುಸಿದರೆ ಮುಂದಿನ ಕೆಲವು ಬೆಳೆಗಳಿಗೂ ಅದೇ ಸ್ಥಿತಿ ಮುಂದುವರಿಯಬಹುದು. ಮೇಲಿನ ಸೂತ್ರದಲ್ಲಿ ವರ್ಷಕ್ಕೆ ಒಂದೇ ಧಾರಣೆ ಇಟ್ಟಿರುವುದು ಈ ಕಾರಣಕ್ಕಾಗಿ. ನಿಜವಾದ ಉತ್ತರವು ಈ ಎರಡರ ನಡುವೆ ಇರುತ್ತದೆ. ಸಾಕಾಣಿಕೆ ಮನೆಯನ್ನು ಸರಿಯಾಗಿ ಸೋಂಕು ನಿವಾರಣೆ ಮಾಡದಿದ್ದಲ್ಲಿ ರೋಗವೂ ಹೀಗೆಯೇ ಬೆಳೆಯಿಂದ ಬೆಳೆಗೆ ದಾಟುತ್ತದೆ. ಈ ಸಂಗತಿಯು ಮೇಲಿನ ಸೂತ್ರದಲ್ಲಿ ಸೇರಿಲ್ಲ.

ತಪ್ಪನ್ನು ಗುರುತಿಸಲು ಅರ್ಜಿದಾರರು ತಮ್ಮ ಹಿಂದಿನ ವರ್ಷಗಳ ಮಾರಾಟ ರಸೀದಿಗಳನ್ನು ಲೆಕ್ಕದೊಡನೆ ಹೋಲಿಸಬಹುದು. ಮೂರು ನಾಲ್ಕು ವರ್ಷಗಳಲ್ಲಿ ಎರಡು ವರ್ಷಗಳ ಆದಾಯವು ವ್ಯಾಪ್ತಿಯ ಹೊರಗೆ ಬಿದ್ದಿದ್ದರೆ ವ್ಯಾಪ್ತಿಯು ಕಿರಿದಾಗಿದೆ ಎಂದು ತಿಳಿಯತಕ್ಕದ್ದು.

5. ಫಲಿತಾಂಶದ ಬಳಕೆ

ಅವಧಿಯನ್ನು ಹೆಚ್ಚಿಸಿ ಅಥವಾ ಸಾಲದ ಮೊತ್ತವನ್ನು ತಗ್ಗಿಸಿ ವಾರ್ಷಿಕ ಕಂತನ್ನು ರೂ. 1,20,000ಕ್ಕೆ ಇಳಿಸಿದಲ್ಲಿ, ಕಂತಿಗೆ ಆದಾಯ ಸಾಲದ ವರ್ಷಗಳು ನೂರಕ್ಕೆ 38ರಿಂದ ಸುಮಾರು 14ಕ್ಕೆ ಇಳಿಯುತ್ತವೆ. ಅವಧಿ ಹೆಚ್ಚಿದಂತೆ ಒಟ್ಟು ಬಡ್ಡಿಯೂ ಹೆಚ್ಚುತ್ತದೆ. ಈ ಲೆಕ್ಕದಲ್ಲಿ ಮನೆಯ ಖರ್ಚು ಸೇರಿಲ್ಲವಾದ್ದರಿಂದ ಅದನ್ನು ಕಂತಿನ ಮೊತ್ತಕ್ಕೆ ಕೂಡಿಸಿ ಎಣಿಸುವುದು ಸೂಕ್ತ.

ವಿ.ಸೂ.: ಧಾರಣೆ ಮತ್ತು ಇಳುವರಿಯ ಮಿತಿಗಳನ್ನು ಅರ್ಜಿದಾರರು ತಮ್ಮ ಸ್ವಂತ ದಾಖಲೆಗಳಿಂದಲೇ ನಿಗದಿಪಡಿಸಿಕೊಳ್ಳತಕ್ಕದ್ದು. ಮಿತಿಗಳು ತಪ್ಪಾದಲ್ಲಿ ಸಾವಿರ ಸಾಲುಗಳ ಲೆಕ್ಕವೂ ತಪ್ಪಾಗುತ್ತದೆ.